ಅತ್ತೆಯ ಮನೆಯ ಲೈಕಾ: ಕುಟುಂಬದ ಗುಂಪಿನಲ್ಲಿ ನಡೆದ ವಾದ

ಸುಧೀಂದ್ರ: ಎಲ್ಲರಿಗೂ ನಮಸ್ಕಾರ. ಭಾರತಿ ಅತ್ತೆಯ ಮನೆಯ ಅಟ್ಟದಿಂದ ಇಳಿಸಿದ ಕ್ಯಾಮರಾದ ಫೋಟೋಗಳನ್ನು ಮೇಲೆ ಹಾಕಿದ್ದೇನೆ. ಮಾವನವರು ಮಾಸ್ಕೋದಲ್ಲಿ ಓದು ಮುಗಿಸಿ 1992ರಲ್ಲಿ ಊರಿಗೆ ಮರಳುವಾಗ ಅಲ್ಲಿನ ಸಂತೆಯೊಂದರಲ್ಲಿ ಇದನ್ನು ಕೊಂಡಿದ್ದರು. ಮೇಲ್ತಟ್ಟೆಯಲ್ಲಿ ಜರ್ಮನಿಯ ಲೈಕಾ ಕ್ಯಾಮರಾದ ಹೆಸರು, ಅದು ತಯಾರಾಗುತ್ತಿದ್ದ ವೆಟ್ಸ್‌ಲಾರ್ ಊರು, ಕ್ರಮಸಂಖ್ಯೆ, ಜೊತೆಗೆ ಜರ್ಮನ್ ವಾಯುಪಡೆಯ ಹದ್ದಿನ ಗುರುತೂ ಇದೆ. ಕ್ರಮಸಂಖ್ಯೆಯನ್ನು ಅಂತರ್ಜಾಲದ ಪಟ್ಟಿಯಲ್ಲಿ ನೋಡಿದಾಗ 1937ನೇ ಇಸವಿಯ ಲೈಕಾ ತ್ರೀ ಎಂದು ತೋರಿಸಿತು. ಸಂಗ್ರಾಹಕರೊಬ್ಬರು ಬೆಲೆ ಕೇಳುತ್ತಿದ್ದಾರೆ. ಯಾರ ಅಭ್ಯಂತರವೂ ಇಲ್ಲದಿದ್ದರೆ ಎರಡು ಲಕ್ಷ ಎಂದು ಹೇಳಿಬಿಡುತ್ತೇನೆ.

ವಿನಾಯಕ: ನನ್ನ ಅಭ್ಯಂತರವಿದೆ, ಸುಧೀಂದ್ರ. ಫೋಟೋಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಇದು ಸೋವಿಯತ್ ಒಕ್ಕೂಟದ ಝೋರ್ಕಿ ಕ್ಯಾಮರಾ ಎಂದೇ ನನಗೆ ತೋರುತ್ತದೆ. ಅದರ ಮೂಲ ಹೆಸರನ್ನು ಅಳಿಸಿ ಮೇಲೆ ಲೈಕಾ ಎಂದು ಕೆತ್ತಿದ್ದಾರೆ.

ಸುಧೀಂದ್ರ: ಭಾವ, ಹೆಸರು ಕಣ್ಣಿಗೆ ಕಾಣುವಂತೆಯೇ ಇದೆ, ಸಂಖ್ಯೆಯೂ ಪಟ್ಟಿಯಲ್ಲಿದೆ. ಇನ್ನೇನು ಬೇಕು?

ವಿನಾಯಕ: ಆ ಎರಡನ್ನೂ ಕೆತ್ತುವವನೇ ಬರೆಯುತ್ತಾನೆ, ಆದ್ದರಿಂದ ನಾನು ಅವನ್ನು ಕೊನೆಗೆ ನೋಡುತ್ತೇನೆ. ಖಾರ್ಕೋವ್‌ನ ಕಾರ್ಖಾನೆಯವರು 1934ರಿಂದ ಲೈಕಾ ಟೂ ಮಾದರಿಯನ್ನು ಅನುಸರಿಸಿ ಫೆಡ್ ಎಂಬ ಕ್ಯಾಮರಾ ಮಾಡುತ್ತಿದ್ದರು. ಯುದ್ಧವಾದ ಮೇಲೆ ಮಾಸ್ಕೋ ಸಮೀಪದ ಕ್ರಾಸ್ನೊಗೋರ್ಸ್ಕ್‌ನಲ್ಲಿ ಅದೇ ವಿನ್ಯಾಸ ಝೋರ್ಕಿ ಎಂಬ ಹೆಸರಿನಲ್ಲಿ ಹೊರಬಂತು. ಇವು ಲಕ್ಷಗಟ್ಟಲೆ ತಯಾರಾಗಿ ಅಗ್ಗವಾಗಿ ಸಿಗುತ್ತಿದ್ದುದರಿಂದ ಅವುಗಳ ಮೇಲೆ ಹದ್ದು, ನೌಕಾಪಡೆ, ಬರ್ಲಿನ್ ಒಲಿಂಪಿಕ್ಸ್ ಎಂದೆಲ್ಲ ಕೆತ್ತಿ ಪ್ರವಾಸಿಗಳಿಗೆ ಮಾರುವುದು ದೊಡ್ಡ ವ್ಯಾಪಾರವೇ ಆಗಿತ್ತು. ಈಗ ನಿನ್ನ ಎರಡನೆಯ ಫೋಟೋದಲ್ಲಿರುವ, ಶಟರಿನ ವೇಗ ಹೊಂದಿಸುವ ಡಯಲ್ ನೋಡು. ಅದರಲ್ಲಿ 25, 50, 100, 250, 500 ಎಂದಿದೆ. ಯುದ್ಧಕ್ಕೆ ಮುಂಚಿನ ಲೈಕಾ ಟೂ ಡಯಲ್‌ನಲ್ಲಿ 20, 30, 40, 60, 100, 200, 500 ಇರುತ್ತದೆ. ನಿನ್ನ ಡಯಲ್‌ನಲ್ಲಿರುವುದು ನಂತರದ ಝೋರ್ಕಿಗಳ ಸರಣಿ.

ಮಾಲಿನಿ: ಡಯಲ್ ಮುರಿದು ಹೋಗಿ, ಯಾರೋ ರಿಪೇರಿಯವರು ಝೋರ್ಕಿಯ ಡಯಲ್ ಹಾಕಿರಬಹುದಲ್ಲವೇ? ಒಂದು ಬಿಡಿಭಾಗವನ್ನು ನೋಡಿ ಇಡೀ ಕ್ಯಾಮರಾವನ್ನೇ ನಕಲಿ ಎನ್ನುವುದು ನ್ಯಾಯವಲ್ಲ.

ವಿನಾಯಕ: ಆಕ್ಷೇಪಣೆ ಸರಿಯಾಗಿದೆ, ಆದ್ದರಿಂದಲೇ ಡಯಲ್ ಒಂದನ್ನೇ ಹಿಡಿದು ನಾನು ತೀರ್ಪು ಕೊಡುವುದಿಲ್ಲ. ಮುಂದಿನ ಫೋಟೋದಲ್ಲಿ ಲೆನ್ಸ್ ಇದೆ, ಅದರ ಮೇಲೆ ಲೈಕಾದ ಲೆನ್ಸಿನ ಹೆಸರಾದ ಎಲ್ಮಾರ್ ಎಂದು ಕೆತ್ತಿದ್ದಾರೆ. ಆದರೆ ಗಾಜಿನ ಸುತ್ತ ಇರುವ, ಬೆಳಕಿನ ಕಿಂಡಿಯ ಗಾತ್ರ ತಿಳಿಸುವ ಅಪರ್ಚರ್ ಅಂಕಿಗಳು 3.5, 4, 5.6, 8, 11, 16. 1937ರ ಎಲ್ಮಾರ್ ಆಗಿದ್ದರೆ ಅಲ್ಲಿ 3.5, 4.5, 6.3, 9, 12.5, 18 ಎಂಬ ಹಳೆಯ ಸರಣಿ ಇರಬೇಕಿತ್ತು. ಈಗ ಇರುವುದು ಝೋರ್ಕಿಯ ಜೊತೆಗೆ ಬರುತ್ತಿದ್ದ ಇಂಡಸ್ಟಾರ್ ಲೆನ್ಸಿನ ಸರಣಿ. ಲೆನ್ಸ್ ಕೂಡ ಬದಲಾಗಿರಬಹುದು ಎಂದು ಮಾಲಿನಿ ಹೇಳುವ ಮೊದಲೇ ಒಪ್ಪಿಬಿಡುತ್ತೇನೆ. ಯುದ್ಧದ ನಂತರದ ಎಲ್ಮಾರ್‌ಗಳಲ್ಲೂ ಈ ಅಂಕಿಗಳು ಕಾಣುತ್ತವೆ. ಆದರೂ ಬೇರೆ ಬೇರೆ ಭಾಗಗಳೆಲ್ಲ ಒಂದೇ ಕಾರ್ಖಾನೆಯತ್ತ ಕೈ ತೋರಿಸಿದರೆ ಅದನ್ನು ಬರಿಯ ಕಾಕತಾಳೀಯ ಎನ್ನಲಾಗದು.

ಸುಧೀಂದ್ರ: ಹಾಗಾದರೆ ಸಂಖ್ಯೆಯ ಬಗ್ಗೆ ಏನು ಹೇಳುತ್ತೀರಿ? ಲೈಕಾ ತಯಾರಿಸುತ್ತಿದ್ದ ಲೈಟ್ಸ್ ಕಂಪನಿಯ ದಾಖಲೆಯಲ್ಲಿರುವ ಸಂಖ್ಯೆ ಅದು.

ವಿನಾಯಕ: ಸಂಖ್ಯೆಯೇ ನಿನ್ನ ವಾದಕ್ಕೆ ಅಡ್ಡ ಬರುತ್ತದೆ. ನೀನೇ ಹೇಳಿದಂತೆ ಅದು ಲೈಕಾ ತ್ರೀ ಮಾದರಿಗೆ ಸೇರಿದ ಸಂಖ್ಯೆ. ಆ ಮಾದರಿಯಲ್ಲಿ ನಿಧಾನ ವೇಗಗಳಿಗಾಗಿ ಮುಂಭಾಗದಲ್ಲಿ, ಲೆನ್ಸಿನ ಪಕ್ಕದಲ್ಲಿ, ಎರಡನೆಯ ಚಿಕ್ಕ ಡಯಲ್ ಇರುತ್ತದೆ. ಎರಡು ಬದಿಯಲ್ಲೂ ಪಟ್ಟಿ ಕಟ್ಟುವ ಕಿವಿಗಳಿರುತ್ತವೆ. ನಿನ್ನ ಮೊದಲ ಫೋಟೋದಲ್ಲಿ ಹಳೆಯ ಲೈಕಾ ಟೂನಂತೆ ಮುಂಭಾಗ ಬೋಳಾಗಿದೆ, ಕಿವಿಗಳೂ ಇಲ್ಲ. ಲೈಟ್ಸ್ ಕಾರ್ಖಾನೆಯವರು ಗಿರಾಕಿಗಳ ಹಳೆಯ ಮಾದರಿಯನ್ನು ಹೊಸ ಮಾದರಿಗೆ ಏರಿಸಿ, ಹಳೆಯ ಸಂಖ್ಯೆಯನ್ನೇ ಉಳಿಸಿ ಕೊಡುತ್ತಿದ್ದರು. ಆದ್ದರಿಂದ ಹಳೆಯ ಸಂಖ್ಯೆಯ ಮೈಯಲ್ಲಿ ಹೊಸ ಭಾಗಗಳಿದ್ದರೆ ಅದು ದೋಷವಲ್ಲ. ಹೊಸ ಮಾದರಿಯ ಸಂಖ್ಯೆ ಇಟ್ಟುಕೊಂಡು ಮೈ ಮಾತ್ರ ಹಳೆಯದಾಗಿದ್ದರೆ ಅದಕ್ಕೆ ಸಮಜಾಯಿಷಿ ಕೊಡುವುದು ಕಷ್ಟ. ಹದ್ದಿನ ಗುರುತಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಯುದ್ಧಕಾಲದಲ್ಲಿ ವಾಯುಪಡೆಗೆ ಹೋದ ನಿಜವಾದ ಲೈಕಾಗಳಲ್ಲಿ ಹೆಚ್ಚಿನವು 1940ರಲ್ಲಿ ಬಂದ ಲೈಕಾ ತ್ರೀ ಸಿ ಮಾದರಿಯವು. ಅದರ ಮೈ ಹಿಂದಿನವುಗಳಿಗಿಂತ ಸುಮಾರು 3 ಮಿಲಿಮೀಟರ್ ಹೆಚ್ಚು ಉದ್ದ, ಮೇಲ್ತಟ್ಟೆಯ ಆಕಾರವೂ ಬೇರೆ.

ಭಾರತಿ ಅತ್ತೆ: ವಿನಾಯಕರೇ, ನಮ್ಮ ಯಜಮಾನರು ಅದನ್ನು ಅಸಲಿ ಎಂದೇ ನಂಬಿದ್ದರು. ನೀವು ಹೇಳುವುದೂ ಸುಳ್ಳಿರಲಾರದು. ಅನುಮಾನ ಉಳಿಯದಂತೆ ನೋಡುವ ದಾರಿ ಯಾವುದಾದರೂ ಇದೆಯೇ?

ವಿನಾಯಕ: ಇದೆ ಅತ್ತೆ, ಅದಕ್ಕೆ ಇನ್ನೊಂದೇ ಫೋಟೋ ಸಾಕು. ಲೆನ್ಸ್ ತಿರುಪಿನ ಮೇಲೆ ಕೂತಿರುತ್ತದೆ. ಕ್ಯಾಮರಾವನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಮುಂಭಾಗದಿಂದ ನೋಡುವಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಇಡೀ ಲೆನ್ಸನ್ನು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ ಕಾಣುವ ಶಟರಿನ ಕಪ್ಪು ಬಟ್ಟೆಯ ಪರದೆಯನ್ನು ಮುಟ್ಟಬಾರದು. ಲೆನ್ಸ್ ಕೂರುವ ಬಾಯಿಯ ಮೇಲ್ಭಾಗದಲ್ಲಿ, ಗಡಿಯಾರದಲ್ಲಿ ಹನ್ನೆರಡು ಇರುವ ಜಾಗದಲ್ಲಿ, ಫೋಕಸ್ ಹೊಂದಿಸಲು ನೆರವಾಗುವ ರೇಂಜ್‌ಫೈಂಡರ್‌ಗೆ ದೂರವನ್ನು ತಿಳಿಸುವ ಚಿಕ್ಕ ತೋಳೊಂದಿದೆ. ಲೈಕಾದಲ್ಲಿ ಆ ತೋಳಿನ ತುದಿಗೆ ಉರುಳುವ ಪುಟ್ಟ ಚಕ್ರವಿರುತ್ತದೆ. ಫೆಡ್ ಮತ್ತು ಝೋರ್ಕಿಗಳಲ್ಲಿ ಚಕ್ರದ ಬದಲು ಬೆಣೆಯಂತಹ ಗಟ್ಟಿ ಲೋಹದ ನಾಲಿಗೆ ಇರುತ್ತದೆ. ಹೊರಗಿನ ಅಕ್ಷರ ಬದಲಿಸುವವರು ಸಾಮಾನ್ಯವಾಗಿ ಈ ಒಳಭಾಗದ ಗೊಡವೆಗೆ ಹೋಗುವುದಿಲ್ಲ. ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಫ್ಲಾಶ್ ಬೇಡ, ಏಕೆಂದರೆ ಲೋಹ ಹೊಳೆದರೆ ಆಕಾರವೇ ಕಾಣಿಸದು.

ಸುಧೀಂದ್ರ: ಲೆನ್ಸ್ ಬಿಚ್ಚಿ ಫೋಟೋ ಹಾಕಿದ್ದೇನೆ. ಚಕ್ರ ಕಾಣುತ್ತಿಲ್ಲ. ಒಂದು ಬದಿಗೆ ಓರೆಯಾಗಿ ಸವರಿದ ದಪ್ಪ ನಾಲಿಗೆ ಇದೆ.

ವಿನಾಯಕ: ಅದೇ ಝೋರ್ಕಿಯ ನಾಲಿಗೆ.

ಸುಧೀಂದ್ರ: ಸರಿ, ತಯಾರಕರ ವಿಷಯ ಒಪ್ಪಿದೆ. ಆದರೂ ಒಂದು ಮಾತು ಕೇಳುತ್ತೇನೆ. ಸಂಗ್ರಾಹಕರು ಲೈಕಾ ಎಂದೇ ನಂಬಿ ಕೇಳುತ್ತಿದ್ದಾರೆ, ಫೋಟೋಗಳನ್ನೂ ನೋಡಿದ್ದಾರೆ. ನಾವಾಗಿಯೇ ಹೇಳಬೇಕಾದ ಅಗತ್ಯವೇನು?

ಮಾಲಿನಿ: ಸುಧಿ, ಆ ಬುದ್ಧಿ ಬೇಡ. ಅವರು ನೋಡಿದ ಫೋಟೋಗಳಲ್ಲಿ ಈ ನಾಲಿಗೆಯ ಫೋಟೋ ಇರಲಿಲ್ಲ. ಗೊತ್ತಿದ್ದೂ ಮುಚ್ಚಿಟ್ಟು ಹಣ ಪಡೆದರೆ ಅದಕ್ಕೆ ಮೋಸ ಎನ್ನದೆ ಬೇರೇನೂ ಎನ್ನಲಾಗದು.

ಭಾರತಿ ಅತ್ತೆ: ವಸ್ತು ನನ್ನದು, ಹೀಗಾಗಿ ನಾನೇ ಹೇಳುತ್ತೇನೆ. ಆ ಫೋಟೋವನ್ನೂ ಸೇರಿಸಿ, ಝೋರ್ಕಿಯ ಮೇಲೆ ಲೈಕಾ ಎಂದು ಕೆತ್ತಿದ್ದು ಎಂದು ಸ್ಪಷ್ಟವಾಗಿ ಬರೆದು ಕಳಿಸು. ಬೇಕಾದರೆ ಕೊಳ್ಳಲಿ, ಬೇಡವಾದರೆ ಇಲ್ಲೇ ಇರಲಿ.

ಸುಧೀಂದ್ರ: ಹಾಗೆಯೇ ಆಗಲಿ ಅತ್ತೆ. ಭಾವ, ಈಗ ಬೆಲೆ ಎಷ್ಟು ಹೇಳಲಿ?

ವಿನಾಯಕ: ಹದ್ದಿಗೂ ಹೆಸರಿಗೂ ಬೆಲೆ ಕಟ್ಟಬೇಡ. ಇಂತಹ ನಕಲುಗಳನ್ನೇ ಸಂಗ್ರಹಿಸುವವರೂ ಇದ್ದಾರೆ, ಅವರು ಕೂಡ ಸುಸ್ಥಿತಿಯ ಝೋರ್ಕಿಗೆ ಕೊಡುವುದಕ್ಕಿಂತ ಬಹಳ ಹೆಚ್ಚೇನೂ ಕೊಡುವುದಿಲ್ಲ. ನಿಜವಾದ ಲೈಕಾ ಟೂ ಇದರ ಹಲವು ಪಟ್ಟು ಬೆಲೆ ಬಾಳುತ್ತದೆ. ಉಳಿದದ್ದೆಲ್ಲ ಶಟರಿನ ಮೇಲೆ ನಿಂತಿದೆ. ಲೆನ್ಸ್ ಇನ್ನೂ ಹೊರಗೇ ಇರುವುದರಿಂದ ಕತ್ತಲೆಯ ಕೋಣೆಗೆ ಹೋಗಿ, ಕೆಳತಟ್ಟೆ ಬಿಚ್ಚಿ, ಟಾರ್ಚನ್ನು ಮುಂಭಾಗದಿಂದ ಪರದೆಗೆ ಹಿಡಿದು, ಫಿಲ್ಮ್ ಕೂರುವ ಕಡೆಯಿಂದ ಓರೆಯಾಗಿ ನೋಡು. ಸೂಜಿಮೊನೆಯಷ್ಟು ಬೆಳಕು ಕಂಡರೆ ಬಟ್ಟೆ ಬಿರುಕು ಬಿಟ್ಟಿದೆ ಎಂದರ್ಥ. ಪರದೆ ಬದಲಿಸಲು ಆಗುವ ಖರ್ಚು ಕ್ಯಾಮರಾದ ಬೆಲೆಯನ್ನೇ ದಾಟಬಹುದು. ಆಮೇಲೆ ಫಿಲ್ಮ್ ಗುಂಡಿಯನ್ನು ಪೂರ್ತಿ ಸುತ್ತಿದ ನಂತರವೇ ಡಯಲನ್ನು ಎತ್ತಿ ವೇಗ ಬದಲಿಸು, ಸುತ್ತದೆ ಬದಲಿಸಿದರೆ ಅಂಕಿ ತಪ್ಪು ಜಾಗದಲ್ಲಿ ಕೂರುತ್ತದೆ. ಪ್ರತಿ ವೇಗದಲ್ಲೂ ಒಮ್ಮೆ ಒತ್ತಿ, ಎರಡು ಪರದೆಗಳೂ ಕೊನೆಯವರೆಗೆ ಓಡುತ್ತವೆಯೇ ನೋಡಿ ತಿಳಿಸು. ಹಿತ್ತಾಳೆ ಕಾಣುವ ಜಾಗಗಳನ್ನು ಮಾತ್ರ ಹುಣಸೆಹಣ್ಣು ಹಾಕಿ ಉಜ್ಜಬೇಡ.