30 ಕಿಲೋಮೀಟರ್ ಓಡಿದ ಮೇಲೆ ತೂಕ ಏರಿದೆ, ತಲೆ ನೋಯುತ್ತಿದೆ

ಹೊಸ ಓಟಗಾರ್ತಿ, ಬೆಳಿಗ್ಗೆ 10:42
ಡಾಕ್ಟರ್ ಮೇಡಂ, ಇವತ್ತು ಮೊದಲ ಸಲ 30 ಕಿ.ಮೀ. ಓಡಿದೆ. ನಾಲ್ಕೂವರೆ ಗಂಟೆ ಆಯ್ತು. ಹೊರಡುವಾಗ 52.4 ಕೆ.ಜಿ. ಇದ್ದೆ, ಬಂದು ನೋಡಿದರೆ 53.6. ಅಷ್ಟು ಓಡಿ ತೂಕ ಹೇಗೆ ಏರುತ್ತೆ? ತಲೆ ನೋಯುತ್ತಿದೆ, ಹೊಟ್ಟೆ ತೊಳಸುತ್ತಿದೆ. ನೀರು ಸಾಲಲಿಲ್ಲವೇನೋ ಅಂತ ಇನ್ನೊಂದು ಬಾಟಲಿ ತೆರೆದಿದ್ದೇನೆ.

ಡಾಕ್ಟರ್, 10:44
ಬಾಟಲಿ ಕೆಳಗಿಡಿ. ಇನ್ನು ಒಂದು ಗುಟುಕೂ ಬೇಡ. ಜೊತೆಗೆ ಯಾರಿದ್ದಾರೆ? ಬೇಗ ಹೇಳಿ: ಒಟ್ಟು ಎಷ್ಟು ಕುಡಿದಿರಿ, ಮೂತ್ರ ಯಾವಾಗ ಹೋಯಿತು, ಏನಾದರೂ ಮಾತ್ರೆ ತೆಗೆದುಕೊಂಡಿರಾ, ಒದ್ದೆ ಬಟ್ಟೆಯಲ್ಲೇ ತೂಕ ನೋಡಿದಿರಾ?

ಹೊಸ ಓಟಗಾರ್ತಿ, 10:49
ತಂಗಿ ಇದ್ದಾಳೆ. ಬಟ್ಟೆ ಬದಲಾಯಿಸಿ ನೋಡಿದ್ದು. ಪ್ರತಿ 20 ನಿಮಿಷಕ್ಕೆ ಒಂದು ಲೋಟ, 250 ಎಂ.ಎಲ್., ತಪ್ಪದೆ ಕುಡಿದೆ. ಬಾಯಾರಿಕೆ ಆಗುವ ಮೊದಲೇ ಕುಡೀಬೇಕು ಅಂತ ಇದೇ ಗುಂಪಿನಲ್ಲಿ ಬಂದಿತ್ತು. ಮುಗಿಸಿದ ಮೇಲೆ ಇನ್ನರ್ಧ ಲೀಟರ್. ಓಡುವ ಮುಂಚೆ ಬಿಟ್ಟರೆ ಮೂತ್ರಕ್ಕೆ ಹೋಗಿಲ್ಲ. ಮಂಡಿ ನೋವಿಗೆ ನಡುವೆ ಒಂದು ಐಬುಪ್ರೊಫೆನ್ ತೆಗೆದುಕೊಂಡೆ. ಉಂಗುರ ತೆಗೆಯಲು ಆಗುತ್ತಿಲ್ಲ.

ಜಿಮ್ ಗೆಳೆಯ, 10:50
ಅಕ್ಕ, ಇದು ಡೀಹೈಡ್ರೇಶನ್. ನಂಗೂ ಆಗಿತ್ತು. ಒಂದು ಲೋಟ ನೀರಿಗೆ ಎರಡು ಟೀ ಚಮಚ ಉಪ್ಪು ಕದಡಿ ಕುಡಿಯಿರಿ, ಹತ್ತು ನಿಮಿಷದಲ್ಲಿ ಸರಿ. ಫಾರ್ವರ್ಡ್ ಮಾಡಿದ್ದೇನೆ ನೋಡಿ.

ಡಾಕ್ಟರ್, 10:52
ಓಟಗಾರ್ತಿಗೆ: ಈಗಲೇ ತಂಗಿಯ ಜೊತೆ ಆಸ್ಪತ್ರೆಗೆ ಹೊರಡಿ. ನೀವು ಗಾಡಿ ಓಡಿಸಬೇಡಿ. ಅಲ್ಲಿ ಹೇಳಬೇಕಾದ ಮಾತು ಇಷ್ಟೇ: "ನಾಲ್ಕೂವರೆ ಗಂಟೆ ಓಡಿದೆ, ತುಂಬಾ ನೀರು ಕುಡಿದೆ, ತೂಕ 1.2 ಕೆ.ಜಿ. ಏರಿದೆ, ರಕ್ತದ ಸೋಡಿಯಂ ಈಗಲೇ ನೋಡಿ." ಸುಸ್ತು ಅಂತ ಮಾತ್ರ ಹೇಳಿದರೆ ಮಾಮೂಲಿ ಡ್ರಿಪ್ ಹಾಕಿಬಿಡಬಹುದು. ಮೈಯಲ್ಲಿ ನೀರು ಜಾಸ್ತಿಯಾಗಿರುವ ನಿಮಗೆ ಬೇಡದಿರುವುದೇ ಅದು. ಇನ್ನೊಂದು ನೋವಿನ ಮಾತ್ರೆಯೂ ಬೇಡ.
ತಂಗಿಗೆ: ಅಕ್ಕ ತಡವರಿಸಿ ಮಾತಾಡಿದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ, ವಾಂತಿ ನಿಲ್ಲದಿದ್ದರೆ ಅಥವಾ ಮೈ ಅದುರಿದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಮಿದುಳು ಊದಿಕೊಳ್ಳುವ ಲಕ್ಷಣಗಳು ಇವು.
ಜಿಮ್ ಗೆಳೆಯರೇ, ಆ ಫಾರ್ವರ್ಡ್ ಅಳಿಸಿ. ಎರಡು ಟೀ ಚಮಚ ಅಂದರೆ ಸುಮಾರು 12 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆ ತೊಳಸುತ್ತಿರುವವರಿಗೆ ಅದನ್ನು ಕುಡಿಸಿದರೆ ವಾಂತಿಯೇ ಗತಿ.

ದಿನಾ ತೂಕ, 11:15
ನನ್ನದೂ ಇದೇ ಕೇಸ್ ಮೇಡಂ. ನಿನ್ನೆ ರಾತ್ರಿ ಹೊರಗೆ ಊಟ ಮಾಡಿದೆ, ಬೆಳಿಗ್ಗೆ 1.1 ಕೆ.ಜಿ. ಜಾಸ್ತಿ. ನಾನೂ ಆಸ್ಪತ್ರೆಗೆ ಹೋಗಬೇಕಾ?

ಡಾಕ್ಟರ್, 11:20
ಇದು ಅದೇ ಕೇಸ್ ಅಲ್ಲ. ಉಪ್ಪು ಜಾಸ್ತಿ ತಿಂದಿರಿ, ಬಾಯಾರಿತು, ಕುಡಿದಿರಿ. ಉಪ್ಪೂ ನೀರೂ ಜೊತೆಯಾಗಿ ಒಳಗೆ ಉಳಿದಿವೆ, ರಕ್ತದ ಸೋಡಿಯಂ ತೆಳುವಾಗಿಲ್ಲ. ಎರಡು ಮೂರು ದಿನ ಮಾಮೂಲಿನಂತೆ ತಿನ್ನಿ, ಹೋಗುತ್ತದೆ. ಅದನ್ನು ಇಳಿಸಲು ಬೆವರು ಸುರಿಸಬೇಡಿ, ಉಪವಾಸವೂ ಬೇಡ.

ಕಾರ್ಬ್ ಬಿಟ್ಟವಳು, 11:31
ನಾನು ಐದು ದಿನದಲ್ಲಿ 2 ಕೆ.ಜಿ. ಇಳಿದಿದ್ದೆ. ಒಂದೇ ದಿನ ಅನ್ನ ತಿಂದೆ, 1.3 ವಾಪಸ್ ಬಂತು. ಕೊಬ್ಬಾ?

ಡಾಕ್ಟರ್, 11:34
ಅಲ್ಲ. ಸ್ನಾಯು ಮತ್ತು ಯಕೃತ್ತು ಒಂದು ಗ್ರಾಂ ಗ್ಲೈಕೋಜನ್ ಕೂಡಿಡುವಾಗ ಸುಮಾರು 3 ಗ್ರಾಂ ನೀರನ್ನೂ ಇಟ್ಟುಕೊಳ್ಳುತ್ತವೆ. ಮೊದಲು ಇಳಿದದ್ದರಲ್ಲೂ ಹೆಚ್ಚಿನದು ಇದೇ, ಈಗ ಬಂದದ್ದೂ ಇದೇ.

ದಿನಾ ತೂಕ, 11:40
ಹಾಗಾದರೆ ನನ್ನ 1.1 ಕೊಬ್ಬು ಅಲ್ವಾ?

ಡಾಕ್ಟರ್, 11:41
ಮೇಲೆ ಹೇಳಿದ್ದೇನೆ.

ಹಳೇ ಓಟಗಾರ, 12:05
ನಾನು 15 ವರ್ಷದಿಂದ ಓಡುತ್ತಿದ್ದೇನೆ. ಬಾಯಾರಿದಾಗ ಮಾತ್ರ ಕುಡಿಯಿರಿ, ಅಷ್ಟೇ. ಈ ಲೆಕ್ಕವೆಲ್ಲ ಸುಮ್ನೆ.

ಸೈಕಲ್ ಸವಾರ, 12:12
ಅದು ನಿಮ್ಮ ನಿಧಾನದ ಓಟಕ್ಕೆ ಸರಿ ಸರ್. ಬಿಸಿಲಲ್ಲಿ ಮೂರು ಗಂಟೆ ಸೈಕಲ್ ಹೊಡೆದು 74ರಿಂದ 71.2ಕ್ಕೆ ಬಂದೆ ನಾನು. ಕೊನೆಯ ಗಂಟೆ ವೇಗ ಅಷ್ಟೇ, ಎದೆಬಡಿತ ಮಾತ್ರ ಏರುತ್ತಲೇ ಹೋಯ್ತು. ಬಾಯಾರಿಕೆ ತಿಳಿಯುವಷ್ಟರಲ್ಲಿ ತಡವಾಗಿತ್ತು.

ಹಳೇ ಓಟಗಾರ, 12:14
ನಿಧಾನ ಅಂದರೇನು? ನನ್ನ ಟೈಮಿಂಗ್ ನೋಡಿದ್ದೀರಾ?

ಜಿಮ್ ಗೆಳೆಯ, 12:20
ಇಬ್ಬರೂ ಉಪ್ಪಿನ ಮಾತೇ ಎತ್ತುತ್ತಿಲ್ಲ. ಅಕ್ಕ ಸಾದಾ ನೀರಿನ ಬದಲು ಎಲೆಕ್ಟ್ರೊಲೈಟ್ ಕುಡಿದಿದ್ದರೆ ಹೀಗಾಗುತ್ತಿರಲಿಲ್ಲ. ಸಿಂಪಲ್. ಮೇಡಂ, ಕ್ರಿಯಾಟಿನ್ ತಗೊಂಡರೆ ತೂಕ ಎಷ್ಟು ಏರುತ್ತೆ?

ಹೊಸ ಓಟಗಾರ್ತಿಯ ತಂಗಿ, ಮಧ್ಯಾಹ್ನ 1:30
ಅಕ್ಕನ ಫೋನಿಂದ ಬರೆಯುತ್ತಿದ್ದೇನೆ. ಸೋಡಿಯಂ 130 ಬಂತು. ದಾರಿಯಲ್ಲಿ ಒಮ್ಮೆ ವಾಂತಿ ಆಯ್ತು, ಮಾತು ಸರಿಯಾಗೇ ಇದೆ. 3% ಉಪ್ಪಿನ ದ್ರಾವಣ 100 ಎಂ.ಎಲ್. ಕೊಟ್ಟರು, ಕುಡಿಯಲು ಏನೂ ಕೊಟ್ಟಿಲ್ಲ. ಮೂತ್ರ ಹೋಗುವವರೆಗೆ ಇಲ್ಲೇ ಇರಿ ಅಂದಿದ್ದಾರೆ. ನೀವು ಹೇಳಿದ ವಾಕ್ಯವನ್ನೇ ಹೇಳಿದ್ದಕ್ಕೆ ಮೊದಲು ರಕ್ತ ತೆಗೆದರು.

ಡಾಕ್ಟರ್, 2:10
ಒಳ್ಳೆಯ ಕೈಗಳಲ್ಲಿ ಇದ್ದಾರೆ. ಬೆಳಿಗ್ಗೆಯಿಂದ ಮನಸ್ಸು ಇಲ್ಲೇ ಇತ್ತು. ಈಗ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಮೇಲೆ ಮೂವರು ಮೂರು ಥರ ಹೇಳಿದ್ದೀರಿ.

ಒಂದು ಲೀಟರ್ ನೀರು ಒಂದು ಕೆ.ಜಿ. ಅವರು 13 ಲೋಟ ಕುಡಿದರು, ಅಂದರೆ ಮೂರೂಕಾಲು ಲೀಟರ್. ಆಮೇಲೆ ಅರ್ಧ. ಒಟ್ಟು 3.75. ತೂಕ 1.2 ಏರಿದೆ, ಮೂತ್ರ ಹೋಗಿಲ್ಲ. ಹಾಗಾದರೆ ಬೆವರು ಹೋದದ್ದು ಎರಡೂವರೆ ಲೀಟರ್ ಆಸುಪಾಸು, ಗಂಟೆಗೆ ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಹಗುರ ಮೈ, ನಿಧಾನದ ಓಟ, ಬೆಳಗಿನ ತಂಪು ಇದ್ದರೆ ಇಷ್ಟೇ ಹೋಗುವುದು. ಗಂಟೆಗೆ ಮುಕ್ಕಾಲು ಲೀಟರ್ ಅನ್ನುವ ನಿಯಮ ಅವರ ಮೈಗೆ ಹೊಂದುವುದೇ ಇಲ್ಲ.

ಹೆಚ್ಚಾದ ನೀರನ್ನು ಮೂತ್ರಪಿಂಡ ಹೊರಹಾಕಬೇಕಿತ್ತಲ್ವಾ? ಸುಮ್ಮನೆ ಕೂತಿದ್ದರೆ ಹಾಕುತ್ತಿತ್ತು. ಗಂಟೆಗಟ್ಟಲೆ ಓಡುವಾಗ ಮೈ ವಾಸೊಪ್ರೆಸಿನ್ ಸುರಿಸುತ್ತಿರುತ್ತದೆ. ಆ ಹಾರ್ಮೋನು ಮೂತ್ರವನ್ನು ತಡೆಹಿಡಿಯುತ್ತದೆ, ನೀರು ಜಾಸ್ತಿಯಾದರೂ ಬಿಡುವುದಿಲ್ಲ. ಐಬುಪ್ರೊಫೆನ್ ಅದರ ಕೈ ಇನ್ನಷ್ಟು ಬಲಪಡಿಸುತ್ತದೆ.

ಈಗ ಉಪ್ಪಿನ ವಾದಕ್ಕೆ ಬರೋಣ. ಅವರ ಮೈಯಲ್ಲಿ ಸುಮಾರು 26.5 ಲೀಟರ್ ನೀರಿದೆ ಅಂತಿಟ್ಟುಕೊಳ್ಳಿ, ರಕ್ತದ ಸೋಡಿಯಂ ಮಾಮೂಲಿನಂತೆ ಲೀಟರಿಗೆ 140 ಮಿಲಿಮೋಲ್ ಇತ್ತು ಅಂತ ಶುರು ಮಾಡಿ. 1.2 ಲೀಟರ್ ಬರೀ ನೀರು ಸೇರಿದರೆ ಅದು 134ಕ್ಕೆ ಇಳಿಯುತ್ತದೆ. ಬೆವರಿನ ಸೋಡಿಯಂ ಒಬ್ಬೊಬ್ಬರಿಗೆ ಒಂದೊಂದು ಥರ. ಲೀಟರಿಗೆ 40 ಮಿಲಿಮೋಲ್ ಅಂದುಕೊಂಡರೆ ಎರಡೂವರೆ ಲೀಟರಿನಲ್ಲಿ 100 ಹೋಯಿತು. ಅದನ್ನು ಮೈಯ 27.7 ಲೀಟರ್ ನೀರಿಗೆ ಹಂಚಿದರೆ ಇನ್ನು ಮೂರೂವರೆ ಇಳಿದು 130. ಲೆಕ್ಕ ಒರಟು, ಆದರೆ ವರದಿಗೆ ಹತ್ತಿರ ಬಂತು ನೋಡಿ. ಇಳಿದದ್ದರಲ್ಲಿ ಹೆಚ್ಚಿನ ಪಾಲು ನೀರಿನದು, ಉಪ್ಪಿನದಲ್ಲ.

ಎಲೆಕ್ಟ್ರೊಲೈಟ್ ಕುಡಿದಿದ್ದರೆ? ಕ್ರೀಡಾ ಪಾನೀಯಗಳಲ್ಲಿ ಸೋಡಿಯಂ ಲೀಟರಿಗೆ 20 ಮಿಲಿಮೋಲ್ ಸುತ್ತಮುತ್ತ, ರಕ್ತದಲ್ಲಿ 140. ಹಾಗಾಗಿ ಅದೂ ರಕ್ತವನ್ನು ತೆಳು ಮಾಡುವ ದ್ರವವೇ, ನೀರಿಗಿಂತ ಸ್ವಲ್ಪ ನಿಧಾನವಾಗಿ ಮಾಡುತ್ತದೆ ಅಷ್ಟೇ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ನೋಡಿದಾಗ 13% ಜನರ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗಿತ್ತು. ಅದಕ್ಕೆ ಗಟ್ಟಿಯಾಗಿ ಹೊಂದಿಕೊಂಡದ್ದು ಓಟದಲ್ಲಿ ತೂಕ ಏರಿದ್ದು. ನೀರು ಕುಡಿದರೋ ಕ್ರೀಡಾ ಪಾನೀಯವೋ ಅನ್ನುವುದು ವ್ಯತ್ಯಾಸ ಮಾಡಲಿಲ್ಲ.

ಸೈಕಲ್ ಸವಾರರದು ಇದಕ್ಕೆ ತದ್ವಿರುದ್ಧ, ಆದರೆ ಅದೂ ನಿಜ. 74ರಲ್ಲಿ 2.8 ಅಂದರೆ 4%ಗೆ ಹತ್ತಿರ. ಬಿಸಿಲಲ್ಲಿ 2% ದಾಟಿದರೆ ದೀರ್ಘ ವ್ಯಾಯಾಮದಲ್ಲಿ ಶಕ್ತಿ ಕುಂದತೊಡಗುತ್ತದೆ. ರಕ್ತದ ಪ್ರಮಾಣ ಇಳಿದು ಒಂದೊಂದು ಬಡಿತಕ್ಕೆ ಕಡಿಮೆ ರಕ್ತ ಹೋಗುತ್ತದೆ, ಅದಕ್ಕೇ ಎದೆಬಡಿತ ಏರಿದ್ದು. ಸವಾರರು ಜಾಸ್ತಿ ಕುಡಿಯಬೇಕಿತ್ತು, ಓಟಗಾರ್ತಿ ಕಡಿಮೆ. ಒಂದೇ ಫಾರ್ವರ್ಡ್ ಇಬ್ಬರಿಗೂ ಹೋಗಿದೆ, ನನ್ನ ಸಿಟ್ಟು ಅದಕ್ಕೆ.

ಹಳೇ ಓಟಗಾರ, 2:31
ಅಂದರೆ ಬಾಯಾರಿದಾಗ ಕುಡಿಯಿರಿ ಅನ್ನುವುದೇ ಸರಿ ಅಂತಾಯ್ತು.

ಡಾಕ್ಟರ್, 2:38
ಹೊಸ ಓಟಗಾರ್ತಿಯ ಥರದ ಓಟಕ್ಕೆ ಹೌದು, ಅದು ಕಾಪಾಡುತ್ತಿತ್ತು. ಬಿಸಿಲಲ್ಲಿ ಗಂಟೆಗೆ ಒಂದೂವರೆ ಲೀಟರ್ ಬೆವರುವವರಿಗೆ ಅದೊಂದೇ ಸಾಲದಿರಬಹುದು. ಅಂಥವರು ಅಳೆದು ನೋಡಲಿ.

ಸೈಕಲ್ ಸವಾರ, 2:40
ನಾನು ಹೇಳಿದ್ದೂ ಅದೇ.

ಹಳೇ ಓಟಗಾರ, 2:41
ನೀವು ಹೇಳಿದ್ದು ನಿಧಾನ ಅಂತ.

ಜಿಮ್ ಗೆಳೆಯ, 2:55
ಹಾಗಾದರೆ ಉಪ್ಪು ವೇಸ್ಟಾ? ನಾನು ಜಿಮ್‌ಗೆ ಮೊದಲು ಉಪ್ಪು ತಗೊಂಡರೆ ಸೆಟ್ ಚೆನ್ನಾಗಿ ಬರುತ್ತೆ, ಅದು ನನ್ನ ಅನುಭವ.

ಡಾಕ್ಟರ್, 3:05
ವೇಸ್ಟ್ ಅಂದಿಲ್ಲ. ಉಪ್ಪು ನೀರನ್ನು ರಕ್ತದಲ್ಲಿ ಉಳಿಸುತ್ತದೆ. ದೀರ್ಘ ಬಿಸಿಲಿನ ಓಟದಲ್ಲಿ, ದಿನಾ ತುಂಬಾ ಬೆವರುವವರಲ್ಲಿ ಅದಕ್ಕೆ ಜಾಗವಿದೆ. ಒಂದು ಗಂಟೆ ಭಾರ ಎತ್ತುವುದಕ್ಕೆ ಊಟದಲ್ಲಿರುವ ಉಪ್ಪೇ ಸಾಕು. ನಿಮ್ಮ ಬಿ.ಪಿ. ನೋಡಿಸಿಕೊಂಡು ಎಷ್ಟು ದಿನವಾಯಿತು?

ಜಿಮ್ ಗೆಳೆಯ, 3:07
ನನಗೆ 26 ಮೇಡಂ, ಬಿ.ಪಿ. ಯಾಕೆ ಇರುತ್ತೆ.

ಡಾಕ್ಟರ್, 3:08
ನೋಡಿಸಿ.

ಮನೆಯ ಚಿಂತೆ, 3:20
ಅಪ್ಪನಿಗೆ ಬಿ.ಪಿ. ಮಾತ್ರೆ ಇದೆ, ದಿನಾ ವಾಕ್ ಹೋಗುತ್ತಾರೆ. ಪೊಟ್ಯಾಸಿಯಂ ಇರುವ ಉಪ್ಪು ಕೊಡಬಹುದಾ?

ಡಾಕ್ಟರ್, 3:24
ಅವರ ವೈದ್ಯರನ್ನು ಕೇಳದೆ ಬೇಡ. ಕೆಲವು ಬಿ.ಪಿ. ಮಾತ್ರೆಗಳು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತವೆ. ಮೂತ್ರಪಿಂಡವೂ ಸರಿಯಿಲ್ಲದಿದ್ದರೆ ಹೃದಯದ ಬಡಿತವೇ ತಪ್ಪಬಹುದು.

ದಿನಾ ತೂಕ, 3:30
ಮೂತ್ರ ನೀರಿನ ಥರ ತಿಳಿಯಾಗುವವರೆಗೆ ಕುಡೀಬೇಕು ಅಂತ ಇನ್ನೊಂದು ಫಾರ್ವರ್ಡ್ ಬಂದಿದೆ, ಹಾಕಲಾ?

ಡಾಕ್ಟರ್, 3:31
ಹಾಕಬೇಡಿ. ಬೆಳಿಗ್ಗೆಯಿಂದ ಇದೇ ಗುಂಪಿನ ಒಬ್ಬರು ಆಸ್ಪತ್ರೆಯಲ್ಲಿದ್ದಾರೆ. ಹೀಗೇ ಹಾಕುತ್ತಿದ್ದರೆ ನಾನು ಉತ್ತರ ಬರೆಯುವುದನ್ನೇ ನಿಲ್ಲಿಸುತ್ತೇನೆ.

ಅಡ್ಮಿನ್, 3:40
ಎರಡು ಫಾರ್ವರ್ಡ್ ಅಳಿಸಿದ್ದೇನೆ. ಓಟ-ಸೈಕಲ್ ಜಗಳ ಖಾಸಗಿಯಾಗಿ ಮುಂದುವರಿಸಿ.

ಜಿಮ್ ಗೆಳೆಯ, 3:44
ಕ್ರಿಯಾಟಿನ್ ಪ್ರಶ್ನೆ ಇನ್ನೂ ಬಾಕಿ ಇದೆ.

ಹೊಸ ಓಟಗಾರ್ತಿ, ರಾತ್ರಿ 8:15
ಮನೆಗೆ ಬಂದೆ. ಸಂಜೆ ಮೂರು ಸಲ ಮೂತ್ರ ಹೋಯ್ತು, ತುಂಬಾ ತಿಳಿಯಾಗಿ. ಸೋಡಿಯಂ 136. ತೂಕ 52.3. ಉಂಗುರ ಸಲೀಸಾಗಿ ತಿರುಗುತ್ತಿದೆ. ಮುಂದಿನ ಸಲ ಎಷ್ಟು ಕುಡೀಬೇಕು ಅಂತ ಹೇಗೆ ಗೊತ್ತಾಗುತ್ತೆ ಮೇಡಂ?

ಡಾಕ್ಟರ್, 8:32
ಹಿಡಿದಿಟ್ಟಿದ್ದ ನೀರನ್ನು ಮೂತ್ರಪಿಂಡ ಬಿಟ್ಟಿದೆ. ಸಮಾಧಾನವಾಯಿತು.
ಎರಡು ವಾರ ಉದ್ದದ ಓಟ ಬೇಡ. ಆಮೇಲೆ ಒಂದು ಗಂಟೆಯ ಓಟ ಆರಿಸಿಕೊಳ್ಳಿ. ಮೂತ್ರಕ್ಕೆ ಹೋಗಿ, ಬಟ್ಟೆಯಿಲ್ಲದೆ ತೂಕ ನೋಡಿ. ಓಡಿ ಬಂದು ಬೆವರು ಒರೆಸಿ, ಮತ್ತೆ ಹಾಗೇ ನೋಡಿ. ಕಡಿಮೆಯಾದ ತೂಕಕ್ಕೆ ಕುಡಿದದ್ದನ್ನು ಕೂಡಿಸಿದರೆ ಆ ಗಂಟೆಯ ಬೆವರು ಸಿಗುತ್ತದೆ. 400 ಗ್ರಾಂ ಇಳಿದು 150 ಎಂ.ಎಲ್. ಕುಡಿದಿದ್ದರೆ 550. ತಂಪಿನ ದಿನ ಒಂದು ಸಲ, ಸೆಕೆಯ ದಿನ ಒಂದು ಸಲ ಮಾಡಿ, ಎರಡಕ್ಕೂ ಅಂಕಿ ಬೇರೆ ಬರುತ್ತದೆ.
ಉದ್ದದ ಓಟದಲ್ಲಿ ಆ ಅಂಕಿಯನ್ನು ದಾಟಬೇಡಿ, ಬಾಯಾರಿಕೆ ಇಲ್ಲದಿದ್ದರೆ ಅದಕ್ಕಿಂತಲೂ ಕಡಿಮೆ ಸಾಕು. ಮುಗಿಸಿದಾಗ ನೀವು ಅರ್ಧ ಕೆ.ಜಿ. ಹಗುರವಾಗಿರಬೇಕು. ಹೊರಟ ತೂಕವೇ ಬಂದರೆ ಜಾಸ್ತಿ ಕುಡಿದಿದ್ದೀರಿ, ಏರಿದ್ದರೆ ಮೂತ್ರ ಹೋಗುವವರೆಗೆ ಏನೂ ಕುಡಿಯಬೇಡಿ. ಮಂಡಿ ನೋವಿದ್ದರೆ ಓಟ ನಿಲ್ಲಿಸಿ. ಮಾತ್ರೆ ನುಂಗಿ ಓಡಬೇಡಿ.

ಹೊಸ ಓಟಗಾರ್ತಿ, 8:36
ಸರಿ ಮೇಡಂ. ತೂಕದ ಪೆಟ್ಟಿಗೆ ಬಚ್ಚಲ ಬಾಗಿಲ ಪಕ್ಕ ಇಟ್ಟಿದ್ದೇನೆ, ಪುಸ್ತಕ ಪೆನ್ನೂ ಅಲ್ಲೇ.