ಕೈಬರಹದ ಹಾಜರಿ ಪುಸ್ತಕ: ವಾರಕ್ಕೊಂದು ಸಾಲು ಬರೆಯುವಾಗ ಚೌಕ ಜಾರಿದರೆ ಹುಡುಕೋದು ಹೇಗೆ?

ಕೇಳಿದವರು: ಕೈಯಲ್ಲಿ ಬರೆದ ಹಳೇ ಹಾಜರಿ ಪುಸ್ತಕಗಳನ್ನು ಟೈಪ್ ಮಾಡುವ ಕೆಲಸ ನನಗೆ ಬಂದಿದೆ. ಪುಸ್ತಕದಲ್ಲಿ ಇಡೀ ತಿಂಗಳು ಒಂದೇ ಪುಟದಲ್ಲಿದೆ. ನಾನು ಒಬ್ಬೊಬ್ಬ ವಿದ್ಯಾರ್ಥಿಗೆ ವಾರಕ್ಕೊಂದು ಸಾಲು ಬರೆಯಬೇಕು. ಒಂದು ತಿಂಗಳು ಮುಗಿಸಿದೆ, ಆದರೆ ಎಲ್ಲೆಲ್ಲೋ ಒಂದೊಂದು ಚೌಕ ಜಾರಿದೆ. ಮತ್ತೆ ಮೊದಲಿಂದ ಓದದೆ ತಪ್ಪು ಹಿಡಿಯೋಕೆ ದಾರಿ ಇದೆಯಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಸಂಜೆ ತರಗತಿ ನಡೆಸುವವರು: ಸುಲಭ ಇದೆ. ಗೈರಾದ ದಿನಗಳನ್ನು ಮಾತ್ರ ಬರೆಯಿರಿ. ಮಿಕ್ಕಿದ್ದೆಲ್ಲ ಹಾಜರಿ ಅಂತ ಇಟ್ಟುಕೊಂಡರಾಯಿತು. ಮಕ್ಕಳು ಬರುವ ದಿನವೇ ಜಾಸ್ತಿ ಅಲ್ವಾ, ಹಾಗಾಗಿ ಟೈಪ್ ಮಾಡೋದು ಕಾಲು ಭಾಗಕ್ಕೆ ಇಳಿಯುತ್ತದೆ. ನನ್ನ ತರಗತಿಯ ಲೆಕ್ಕವನ್ನು ನಾನು ಹೀಗೇ ಇಟ್ಟಿದ್ದೇನೆ, ತೊಂದರೆ ಆಗಿಲ್ಲ.

ನಿವೃತ್ತ ಶಿಕ್ಷಕಿ: ಮೇಲಿನವರು ಹೇಳಿದ್ದು ಅವರ ಸ್ವಂತ ತರಗತಿಗೆ ಸರಿ, ಯಾಕಂದ್ರೆ ಖಾಲಿ ಬಿಟ್ಟ ಚೌಕ ಏನು ಅಂತ ಅವರಿಗೆ ನೆನಪಿರುತ್ತದೆ. ಬೇರೆಯವರು ಬರೆದ ಪುಸ್ತಕದಲ್ಲಿ ಖಾಲಿ ಚೌಕಕ್ಕೆ ನಾಲ್ಕು ಅರ್ಥ ಇರಬಹುದು. ಆ ದಿನ ರಜೆ ಇರಬಹುದು. ಆ ಮಗು ಇನ್ನೂ ಸೇರಿರಲಿಕ್ಕಿಲ್ಲ. ಟೀಚರ್ ಗುರುತು ಹಾಕೋದು ಮರೆತಿರಬಹುದು. ಇಲ್ಲಾ ಶಾಯಿ ಮಾಸಿರಬಹುದು. ಎಲ್ಲವನ್ನೂ ಹಾಜರಿ ಅಂತ ಎಣಿಸಿದರೆ ಮುಂದೆ ಯಾರಿಗೂ ಅದನ್ನು ಬಿಡಿಸೋಕೆ ಆಗೋದಿಲ್ಲ.

ನಾನು ಪಾಠ ಮಾಡುವಾಗ ವರ್ಷಗಟ್ಟಲೆ ಇಂಥ ಪುಸ್ತಕ ಬರೆದೆ. ಆಮೇಲೆ ಹಳೆಯವನ್ನು ಟೈಪ್ ಮಾಡಿಯೂ ಕೊಟ್ಟೆ. ನನ್ನ ಮೊದಲ ಮಾತು ಇಷ್ಟೇ: ಸಾಲಿನಲ್ಲಿ ಯಾವ ಜಾಗವನ್ನೂ ಖಾಲಿ ಬಿಡಬೇಡಿ. ವಾರಕ್ಕೆ ಆರು ದಿನ ಅಂದ್ರೆ ಪ್ರತಿ ಸಾಲಿನಲ್ಲೂ ಆರು ಗುರುತು ಇರಲೇಬೇಕು. ಹಾಜರಿಗೆ ಹಾ, ಗೈರಿಗೆ ಗೈ, ರಜೆಗೆ ರ, ಲೆಕ್ಕಕ್ಕೆ ಬಾರದ ದಿನಕ್ಕೆ ಅಡ್ಡಗೆರೆ, ಓದಲು ಆಗದ್ದಕ್ಕೆ ಪ್ರಶ್ನೆ ಗುರುತು. ತಿಂಗಳು ಬುಧವಾರ ಶುರುವಾದರೆ ಮೊದಲ ವಾರದ ಸೋಮವಾರ, ಮಂಗಳವಾರದ ಜಾಗಕ್ಕೂ ಅಡ್ಡಗೆರೆ ಹಾಕಿ. ಬರೀ ನಾಲ್ಕು ಗುರುತು ಬರೆದು ಬಿಟ್ಟರೆ ಓದುವವರು ಬುಧವಾರದ್ದನ್ನು ಸೋಮವಾರ ಅಂತ ತಿಳಿಯುತ್ತಾರೆ. ಜಾರುವುದು ಹೆಚ್ಚಾಗಿ ಇಲ್ಲಿಂದಲೇ ಶುರು.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಪುಟದ ಅಡಿಯಲ್ಲಿ ಪ್ರತಿ ತಾರೀಖಿನ ಕೆಳಗೆ ಆ ದಿನ ಎಷ್ಟು ಜನ ಬಂದಿದ್ದರು ಅಂತ ಬರೆದಿದೆಯಾ ನೋಡಿ. ಇದ್ದರೆ ನಿಮ್ಮ ಅರ್ಧ ಕೆಲಸ ಆದಂತೆ. ಐದೇ ಮಕ್ಕಳನ್ನು ಇಟ್ಟುಕೊಂಡು ತೋರಿಸುತ್ತೇನೆ. 6ನೇ ತಾರೀಖು ಸೋಮವಾರ, 9ನೇ ತಾರೀಖು ಗುರುವಾರ ರಜೆ. ಟೈಪ್ ಮಾಡಿದ್ದು ಹೀಗಿದೆ ಅಂದುಕೊಳ್ಳಿ:

```
ವಾರ 2, ಸೋಮ 6 - ಶನಿ 11
1  ಹಾ ಹಾ ಗೈ ರ ಹಾ ಹಾ
2  ಹಾ ಹಾ ಹಾ ರ ಹಾ ಹಾ
3  ಗೈ ಹಾ ಹಾ ರ ಹಾ ಗೈ
4  ಹಾ ಗೈ ಹಾ ರ ಹಾ ಹಾ
5  ಹಾ ಹಾ ಹಾ ರ ಗೈ ಹಾ
```

ಇದರಲ್ಲಿ ಹಾ ಎಣಿಸಿದರೆ ರಜೆಯ ದಿನ ಬಿಟ್ಟು ಪ್ರತಿ ದಿನವೂ 4 ಬರುತ್ತದೆ. ಪುಸ್ತಕದ ಅಡಿಯಲ್ಲಿ ಮಾತ್ರ ಮಂಗಳವಾರ 5, ಬುಧವಾರ 3 ಅಂತಿದೆ, ಉಳಿದ ದಿನ ಹೊಂದುತ್ತದೆ. ಅಂದರೆ ಪಕ್ಕಪಕ್ಕದ ಎರಡು ದಿನ, ಒಂದರಲ್ಲಿ ಒಂದು ಕಮ್ಮಿ, ಇನ್ನೊಂದರಲ್ಲಿ ಒಂದು ಜಾಸ್ತಿ. ಬುಧವಾರದ ಒಂದು ಗೈ ಮಂಗಳವಾರಕ್ಕೆ ಜಾರಿದೆ ಅಂತ ಅದೇ ಹೇಳುತ್ತಿದೆ. ಮಂಗಳವಾರ ಗೈ ಇರುವುದು 4ನೇ ಸಾಲಿನಲ್ಲಿ ಮಾತ್ರ. ಪುಸ್ತಕದಲ್ಲಿ ಆ ಒಂದು ಸಾಲು ತೆಗೆದು ನೋಡಿದರೆ ಸಾಕು. ನಲವತ್ತು ಮಕ್ಕಳಿದ್ದರೂ ಅಂಥ ಸಾಲು ನಾಲ್ಕೋ ಐದೋ ಇರುತ್ತವೆ, ಅಷ್ಟೇ.

ಇನ್ನೊಂದು ಗಮನಿಸಿ. 4ನೇ ಸಾಲಿನ ಒಟ್ಟು ಹಾಜರಿ ತಪ್ಪಿದ್ದಾಗಲೂ 4, ಸರಿ ಮಾಡಿದ ಮೇಲೂ 4. ಸಾಲಿನ ಕೊನೆಯ ಒಟ್ಟು ಹೊಂದಿತು ಅಂತ ಸಮಾಧಾನ ಪಟ್ಟರೆ ಈ ತಪ್ಪು ಸಿಗೋದೇ ಇಲ್ಲ. ಆ ಒಟ್ಟು ಬೇರೆ ಥರದ ತಪ್ಪಿಗೆ ಬೇಕು. ಒಬ್ಬರ ಗುರುತನ್ನು ಮೇಲಿನ ಅಥವಾ ಕೆಳಗಿನ ಸಾಲಿನವರಿಗೆ ಬರೆದಿದ್ದರೆ ದಿನದ ಒಟ್ಟು ಬದಲಾಗುವುದಿಲ್ಲ, ಸಾಲಿನ ಒಟ್ಟು ಬದಲಾಗುತ್ತದೆ. ಪುಸ್ತಕದಲ್ಲಿ ಸಾಲಿನ ಒಟ್ಟು ಸಾಮಾನ್ಯವಾಗಿ ತಿಂಗಳಿಗೆ ಒಂದೇ ಸಲ ಇರುತ್ತದೆ. ಹಾಗಾಗಿ ದಿನದ ಒಟ್ಟನ್ನು ವಾರ ವಾರ ನೋಡಿ. ತಿಂಗಳು ಮುಗಿದ ಮೇಲೆ ಒಬ್ಬೊಬ್ಬರ ವಾರದ ಸಾಲುಗಳನ್ನು ಕೂಡಿ ಕೊನೆಯ ಒಟ್ಟಿಗೆ ಹೊಂದಿಸಿ.

ಕಚೇರಿಯಲ್ಲಿ ಟೈಪಿಂಗ್ ಮಾಡುವವರು: ಮೇಡಂ ಹೇಳಿದ ಎಣಿಕೆಯನ್ನು ಕೈಯಲ್ಲಿ ಮಾಡಬೇಕಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಗುರುತಿಗೆ ಒಂದು ಚೌಕ ಇಟ್ಟು ಬರೆಯಿರಿ. ಸೋಮವಾರದ ಗುರುತುಗಳು B ಕಾಲಂನಲ್ಲಿ 2ರಿಂದ 6ರವರೆಗೆ ಇದ್ದರೆ ಅದರ ಕೆಳಗೆ ಇದನ್ನು ಹಾಕಿ:

```
=COUNTIF(B2:B6,"ಹಾ")
```

ಅದನ್ನೇ ಬಲಕ್ಕೆ ಎಳೆದರೆ ಮಿಕ್ಕ ದಿನಗಳದ್ದೂ ಬರುತ್ತದೆ. ಒಂದು ಎಚ್ಚರಿಕೆ. ಹಾ ಆದಮೇಲೆ ಗೊತ್ತಿಲ್ಲದೆ ಒಂದು ಸ್ಪೇಸ್ ಬಿದ್ದರೂ ಅದು ಎಣಿಕೆಗೆ ಸಿಗೋದಿಲ್ಲ. ಕಣ್ಣಿಗೆ ಎಲ್ಲ ಸರಿ ಕಾಣುತ್ತೆ, ಒಟ್ಟು ಮಾತ್ರ ಒಂದು ಕಮ್ಮಿ. ಇದಕ್ಕೆ ನಾನು ಅರ್ಧ ದಿನ ಕಳೆದಿದ್ದೇನೆ.

ಜಾರದ ಹಾಗೆ ಓದೋಕೆ ನಾನು ಮಾಡಿಕೊಂಡ ಉಪಾಯ ಒಂದಿದೆ. ಪುಟದ ಅಗಲದ ಒಂದು ಕಾಗದದ ಪಟ್ಟಿ ಕತ್ತರಿಸಿ. ಅದನ್ನು ಪುಟದ ತಲೆಗೆ ಹಿಡಿದು, ಪಟ್ಟಿಯ ಮೇಲಂಚಿನಲ್ಲಿ ತಾರೀಖುಗಳನ್ನು ನೇರಕ್ಕೆ ನೇರ ಬರೆದುಕೊಳ್ಳಿ. ಶನಿವಾರ ಮುಗಿದ ಕಡೆ ಒಂದು ದಪ್ಪ ಗೆರೆ ಎಳೆಯಿರಿ. ಈಗ ಪಟ್ಟಿಯನ್ನು ಒಂದೊಂದೇ ಸಾಲಿನ ಕೆಳಗೆ ಇಳಿಸುತ್ತಾ ಬನ್ನಿ. 35ನೇ ಮಗುವಿನ ಸಾಲಿಗೆ ಬಂದಾಗಲೂ ತಾರೀಖು ಗುರುತಿನ ಕೆಳಗೇ ಇರುತ್ತದೆ. ಕಣ್ಣು ಪುಟದ ತಲೆಗೆ ಹೋಗಿ ಬರುವಾಗಲೇ ಜಾರೋದು, ಅದು ತಪ್ಪುತ್ತದೆ. ಪಟ್ಟಿ ಕೆಳಗಿನ ಸಾಲುಗಳನ್ನು ಮುಚ್ಚಿಕೊಳ್ಳುವುದರಿಂದ ಸಾಲು ತಪ್ಪೋದೂ ಕಮ್ಮಿ.

ಭಾನುವಾರದ ಕಾಲಂ ಬಗ್ಗೆಯೂ ಹುಷಾರು. ಕೆಲವರು ಅಲ್ಲಿ ‘ಭಾನುವಾರ’ ಅಂತ ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ ಮೇಲಿಂದ ಕೆಳಗೆ ಬರೆದಿರುತ್ತಾರೆ. ಅವಸರದ ಕೈಬರಹದಲ್ಲಿ ‘ಭಾ’ ಅನ್ನೋದು ‘ಹಾ’ ಥರ ಕಾಣುತ್ತದೆ. ಆ ಒಂದು ಮಗುವಿನ ಸಾಲಿನಲ್ಲಿ ವಾರಕ್ಕೆ ಏಳು ಗುರುತು ಆಗಿ, ಅಲ್ಲಿಂದ ಮುಂದೆ ಎಲ್ಲ ಒಂದು ಚೌಕ ಸರಿಯುತ್ತದೆ.

ಕೆಲಸಗಾರರ ಹಾಜರಿ ನೋಡುವವರು: ಶೇಕಡಾ ಲೆಕ್ಕ ಹಾಕಬೇಕು ಅಂದ್ರೆ ರಜೆಯ ದಿನಗಳನ್ನು ಮೊದಲು ಕಳೆಯಿರಿ, ಆಮೇಲೆ ಭಾಗಿಸಿ. ನಮ್ಮಲ್ಲಿ ಅರ್ಧ ದಿನದ ಹಾಜರಿಯೂ ಇದೆ. ಬೆಳಗ್ಗೆ ಬಂದರೆ ಒಂದು ಓರೆಗೆರೆ, ಮಧ್ಯಾಹ್ನವೂ ಇದ್ದರೆ ಅದರ ಮೇಲೆ ಎದುರು ಓರೆಗೆರೆ. ಎರಡೂ ಸೇರಿದರೆ ಕತ್ತರಿ ಗುರುತು ಆಗುತ್ತದೆ. ಅದು ಪೂರ್ತಿ ದಿನದ ಹಾಜರಿ. ಹೊಸದಾಗಿ ಬಂದ ಹುಡುಗನೊಬ್ಬ ಕತ್ತರಿ ಗುರುತನ್ನೆಲ್ಲ ಗೈರು ಅಂತ ಬರೆದಿಟ್ಟಿದ್ದ. ಒಂದು ತಿಂಗಳ ಲೆಕ್ಕವೇ ತಲೆಕೆಳಗಾಗಿತ್ತು.

ಕೇಳಿದವರು: ಸರ್, ಶೇಕಡಾ ಈಗ ಬೇಡ, ಆದರೆ ಕತ್ತರಿ ಗುರುತಿನ ಮಾತು ನನಗೂ ಬೇಕಿತ್ತು. ಎರಡನೇ ಪುಸ್ತಕದಲ್ಲಿ ಅದೇ ಥರ ಇದೆ.

ಮೊದಲನೇ ಪುಸ್ತಕಕ್ಕೆ ಕಾಗದದ ಪಟ್ಟಿ ಮಾಡಿಕೊಂಡು, ದಿನದ ಒಟ್ಟನ್ನು ಅಡಿಯ ಅಂಕಿಗೆ ಹೊಂದಿಸಿ ನೋಡಿದೆ. ಆರು ತಪ್ಪು ಸಿಕ್ಕವು. ಐದು ಪಕ್ಕಕ್ಕೆ ಜಾರಿದವು, ಸರಿ ಮಾಡಿದೆ. ಒಂದು ಮಾತ್ರ ಬಗೆಹರಿದಿಲ್ಲ. ಒಂದು ಶುಕ್ರವಾರ ಅಡಿಯಲ್ಲಿ 31 ಅಂತಿದೆ, ನನ್ನ ಎಣಿಕೆ 32. ಅಕ್ಕಪಕ್ಕದ ದಿನಗಳೆಲ್ಲ ಸರಿಯಾಗಿವೆ. ಆ ಕಾಲಂ ಮೂರು ಸಲ ಓದಿದೆ, 32 ಅಂತಲೇ ಬರುತ್ತೆ.

ನಿವೃತ್ತ ಶಿಕ್ಷಕಿ: ಪಕ್ಕದ ದಿನದಲ್ಲಿ ಎದುರು ವ್ಯತ್ಯಾಸ ಇಲ್ಲ ಅಂದ್ರೆ ಅದು ಜಾರಿದ್ದಲ್ಲ. ಆ ಕಾಲಂನಲ್ಲಿ ತಿದ್ದಿದ ಚೌಕ ಇದೆಯಾ ನೋಡಿ. ನಾವು ಹೆಸರು ಕೂಗಿ ಮುಗಿಸಿದ ಕೂಡಲೇ ಅಡಿಯಲ್ಲಿ ಒಟ್ಟು ಬರೆದುಬಿಡುತ್ತಿದ್ದೆವು. ಆಮೇಲೆ ತಡವಾಗಿ ಬಂದ ಮಗುವಿಗೆ ಗೈ ಮೇಲೆಯೇ ಹಾ ಬರೆಯುತ್ತಿದ್ದೆವು. ಅಡಿಯ ಅಂಕಿ ತಿದ್ದೋದು ಮರೆತುಹೋಗುತ್ತಿತ್ತು. ನಾನೇ ಎಷ್ಟೋ ಸಲ ಮರೆತಿದ್ದೇನೆ.

ಕೇಳಿದವರು: ಸಿಕ್ಕಿತು ಮೇಡಂ! 18ನೇ ಸಾಲು. ಕೆಳಗೆ ನೀಲಿ ಶಾಯಿಯಲ್ಲಿ ಗೈ, ಅದರ ಮೇಲೆ ಒತ್ತಿ ಬರೆದ ಕಪ್ಪು ಹಾ. ಈಗ ಅಡಿಯ 31 ಅನ್ನು 32 ಮಾಡಲಾ?

ನಿವೃತ್ತ ಶಿಕ್ಷಕಿ: ಮಾಡಬೇಡಿ. ಪುಸ್ತಕದಲ್ಲಿ ಇದ್ದದ್ದು 31, ಹಾಗೇ ಇರಲಿ. ಪಕ್ಕದಲ್ಲಿ “ಎಣಿಕೆ 32, ಸಾಲು 18 ತಿದ್ದಿದೆ” ಅಂತ ಒಂದು ಟಿಪ್ಪಣಿ ಹಾಕಿ. ಸಾಲಿನಲ್ಲಿ ಹಾ ಇರಲಿ.

ಕಚೇರಿಯಲ್ಲಿ ಟೈಪಿಂಗ್ ಮಾಡುವವರು: ಇಲ್ಲಿ ನನಗೆ ಒಪ್ಪಿಗೆ ಇಲ್ಲ. ತಿದ್ದಿದ ಚೌಕಕ್ಕೆ ಬರೀ ಹಾ ಹಾಕಿದರೆ ತಡವಾಗಿ ಬಂದದ್ದು ಸಾಲಿನಿಂದ ಅಳಿಸಿಹೋಗುತ್ತದೆ. ಟಿಪ್ಪಣಿಯನ್ನು ಯಾರು ಓದುತ್ತಾರೆ? ನಾನಾದರೆ ತಿದ್ದಿದ್ದಕ್ಕೆ ‘ತಿ’ ಅಂತ ಬೇರೆ ಗುರುತು ಇಡುತ್ತೇನೆ.

ನಿವೃತ್ತ ಶಿಕ್ಷಕಿ: ತಡವಾಗಿ ಬಂದದ್ದು ಅಂತ ನಾವು ಊಹಿಸಿದ್ದು. ಟೀಚರ್ ಮೊದಲು ಕೈತಪ್ಪಿನಿಂದ ಗೈ ಬರೆದು ಆಮೇಲೆ ಸರಿ ಮಾಡಿರಲೂಬಹುದು. ಕಾಗದ ನೋಡಿ ಅದನ್ನು ಹೇಳೋಕೆ ಆಗೋದಿಲ್ಲ. ‘ತಿ’ ಇಡೋದಾದರೆ ಇಡಿ, ಆದರೆ ಒಟ್ಟು ಎಣಿಸುವಾಗ ಅದನ್ನೂ ಹಾಜರಿ ಅಂತ ಸೇರಿಸೋದು ಮರೆಯಬೇಡಿ. ಯಾವುದು ಬೇಕು ಅಂತ ಕೆಲಸ ಕೊಟ್ಟವರನ್ನೇ ಕೇಳಿ.

ಕತ್ತರಿ ಗುರುತಿಗೆ ಒಂದು ಮಾತು. ಕೆಲಸಗಾರರ ಹಾಜರಿ ನೋಡುವವರ ಕಡೆ ಅದು ಪೂರ್ತಿ ಹಾಜರಿ. ನಾನು ನೋಡಿದ ಕೆಲವು ಪುಸ್ತಕದಲ್ಲಿ ಅದೇ ಗೈರು, ಹಾಜರಿಗೆ ಬರೀ ಚುಕ್ಕೆ. ನಿಮ್ಮ ಪುಸ್ತಕದಲ್ಲಿ ಏನು ಅಂತ ಊಹೆ ಮಾಡಬೇಡಿ. ಕತ್ತರಿ ಗುರುತು ತೀರಾ ಕಮ್ಮಿ ಇರುವ ಒಂದು ದಿನ ಆರಿಸಿ. ನಲವತ್ತು ಮಕ್ಕಳಲ್ಲಿ ಮೂರೇ ಕತ್ತರಿ ಇದ್ದು ಅಡಿಯಲ್ಲಿ 37 ಅಂತಿದ್ದರೆ ಕತ್ತರಿ ಅಂದ್ರೆ ಗೈರು. ಹೀಗೆ ಎರಡು ಮೂರು ದಿನ ನೋಡಿ. ವರ್ಷದ ಮಧ್ಯೆ ಕೈಬರಹ ಬದಲಾಗಿದ್ದರೆ, ಅಂದರೆ ಟೀಚರ್ ಬದಲಾಗಿದ್ದರೆ, ಮತ್ತೆ ನೋಡಿ.

ಸಂಜೆ ತರಗತಿ ನಡೆಸುವವರು: ಹಾಗಾದರೆ ಎರಡೂ ಒಟ್ಟು ಹೊಂದಿದರೆ ಆ ಪುಟ ಪೂರ್ತಿ ಸರಿ ಅನ್ನಬಹುದಾ?

ಕಚೇರಿಯಲ್ಲಿ ಟೈಪಿಂಗ್ ಮಾಡುವವರು: ಪೂರ್ತಿ ಅಲ್ಲ. ಒಬ್ಬ ಮಗು ಮಂಗಳವಾರ ಗೈರು, ಇನ್ನೊಬ್ಬ ಮಗು ಬುಧವಾರ ಗೈರು ಅಂತಿಟ್ಟುಕೊಳ್ಳಿ. ಇಬ್ಬರ ದಿನ ಅದಲುಬದಲಾಗಿ ಬರೆದರೆ ದಿನದ ಒಟ್ಟೂ ಹೊಂದುತ್ತದೆ, ಸಾಲಿನ ಒಟ್ಟೂ ಹೊಂದುತ್ತದೆ. ಹಾಗಾಗಿ ನಾನು ಪ್ರತಿ ಪುಟದಲ್ಲಿ ಗೈ ಜಾಸ್ತಿ ಇರುವ ಐದು ಸಾಲು ಆರಿಸಿ, ಇನ್ನೊಬ್ಬರಿಂದ ಪುಸ್ತಕ ಓದಿಸಿ, ನನ್ನ ಪರದೆಯಲ್ಲಿ ಬೆರಳಿಟ್ಟು ನೋಡುತ್ತೇನೆ.

ಕೇಳಿದವರು: ಒಂದು ಕೊನೆಯ ಸಂಶಯ. ಮುಂದಿನ ತಿಂಗಳ ಪುಟದಲ್ಲಿ 12ನೇ ನಂಬರ್ ಬೇರೆ ಮಗು ಆಗಿದೆ. ಹೆಸರೇ ಬದಲು.

ನಿವೃತ್ತ ಶಿಕ್ಷಕಿ: ಹೆಸರುಗಳನ್ನು ಹೊಸ ತಿಂಗಳಿಗೆ ಮತ್ತೆ ಬರೆಯುವಾಗ ಶಾಲೆ ಬಿಟ್ಟ ಮಗುವನ್ನು ಕೈಬಿಟ್ಟಿರುತ್ತಾರೆ. ಅಲ್ಲಿಂದ ಕೆಳಗಿನವರೆಲ್ಲ ಒಂದೊಂದು ನಂಬರ್ ಮೇಲೆ ಬರುತ್ತಾರೆ. ಹಿಂದಿನ ಪುಟದಲ್ಲಿ 12ನೆಯವರ ಸಾಲು ಮಧ್ಯದಲ್ಲೇ ನಿಂತಿದೆಯಾ, ಉದ್ದಗೆರೆ ಎಳೆದಿದ್ದಾರಾ ನೋಡಿ. ನಿಮ್ಮ ಸಾಲಿಗೆ ಕ್ರಮಸಂಖ್ಯೆ ಸಾಲದು. ಹೆಸರಿನ ಪಕ್ಕ ದಾಖಲಾತಿ ನಂಬರ್ ಇದ್ದರೆ ಅದನ್ನೇ ಸಾಲಿನ ಮೊದಲಿಗೆ ಬರೆಯಿರಿ, ಅದು ಬದಲಾಗೋದಿಲ್ಲ. ಈಗಾಗಲೇ ಮುಗಿಸಿದ ತಿಂಗಳಿಗೂ ಇವತ್ತೇ ಸೇರಿಸಿಬಿಡಿ.