ಕಾಗೆ ಕಪ್ಪಾದ ಕೂದಲು: ವಿಟಮಿನ್ ಸಿ, ಪಾತ್ರೆ ಸೋಪು, ಅಡುಗೆ ಸೋಡಾ ಹಚ್ಚಬೇಕಾ?

ಮದುವೆ ಮನೆ, ಕಲಬುರಗಿ: ಮೊನ್ನೆ ಭಾನುವಾರ ತಲೆಗೆ ಕಲರ್ ಹಚ್ಚಿಕೊಂಡೆ. ಡಬ್ಬಿ ಮೇಲೆ ಡಾರ್ಕ್ ಬ್ರೌನ್ ಅಂತ ಇತ್ತು. ಬುಡದಲ್ಲಿ ಬ್ರೌನ್ ಬಂದಿದೆ, ತುದಿ ಮಾತ್ರ ಕಾಗೆ ಕಪ್ಪಾಗಿದೆ. ಹನ್ನೆರಡು ದಿನಕ್ಕೆ ತಂಗಿ ಮದುವೆ. ವಿಟಮಿನ್ ಸಿ ಮಾತ್ರೆ, ಪಾತ್ರೆ ಸೋಪು, ಅಡುಗೆ ಸೋಡಾ ಕಲಸಿ ಹಚ್ಚಿದರೆ ಬಣ್ಣ ಇಳಿಯುತ್ತೆ ಅಂತ ವಿಡಿಯೋ ನೋಡಿದೆ. ಹಚ್ಚಲಾ?

ಬಿ.ಎಸ್ಸಿ. ಕೆಮಿಸ್ಟ್ರಿ: ವಿಟಮಿನ್ ಸಿ ಸುಳ್ಳಲ್ಲ ಅಕ್ಕಾ. ಕಲರ್ ಕೂದಲಿನಲ್ಲಿ ಆಕ್ಸಿಜನ್ ಹಿಡಿದುಕೊಂಡು ಬಣ್ಣವಾಗುತ್ತೆ, ವಿಟಮಿನ್ ಸಿ ಅದನ್ನು ಬಿಡಿಸುತ್ತೆ. 500 ಮಿಲಿಗ್ರಾಂ ಮಾತ್ರೆ ಹತ್ತು ಪುಡಿ ಮಾಡಿ ಶಾಂಪೂಗೆ ಸೇರಿಸಿ, ಮೇಲೆ ಸ್ವಲ್ಪ ಸೋಡಾ ಹಾಕಿ. ನೊರೆ ಉಕ್ಕುತ್ತೆ, ಚೆನ್ನಾಗಿ ಕೆಲಸ ಮಾಡುತ್ತೆ.

ಬೀದರ್ ಟೀಚರ್: ದಯವಿಟ್ಟು ಬೇಡಮ್ಮ. ಹೋದ ವರ್ಷ ನಾನು ಸೋಡಾ ಮತ್ತು ಪಾತ್ರೆ ಸೋಪು ಕಲಸಿ ಮೂರು ದಿನ ತಿಕ್ಕಿಕೊಂಡೆ. ಬಣ್ಣ ಹಾಗೇ ಉಳಿಯಿತು, ಕೂದಲು ಸೆಣಬಿನ ಹಗ್ಗ ಆಯಿತು. ಬಾಚಿದರೆ ತುಂಡಾಗಿ ಬೀಳುತ್ತಿತ್ತು. ಕೊನೆಗೆ ನಾಲ್ಕು ಬೆರಳು ಕತ್ತರಿಸಬೇಕಾಯಿತು.

ಯಾದಗಿರಿ ಅಣ್ಣ: ನನಗೂ ಹೋದ ವಾರ ಹಣೆ ಮೇಲೆಲ್ಲ ಕಪ್ಪು ಹತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯಿಂದ ಒರೆಸಿದೆ, ಹೋಯಿತು. ಇಷ್ಟಕ್ಕೆ ಯಾಕೆ ಮಾತ್ರೆ ಪಾತ್ರೆ?

ಪಾರ್ಲರ್ ಅಕ್ಕ, ಕಲಬುರಗಿ: ಅಣ್ಣಾ, ಅವರು ಕೇಳಿದ್ದು ಕೂದಲಿನ ಬಣ್ಣ. ಚರ್ಮದ ಮೇಲಿನ ಕಲೆಗೆ ನಿಮ್ಮ ಎಣ್ಣೆ ಸರಿ. ಚರ್ಮ ದಿನವೂ ಉದುರುತ್ತೆ, ಕಲೆ ಅದರ ಜೊತೆ ಹೋಗುತ್ತೆ. ಕೂದಲು ಹಾಗಲ್ಲ.

ತಂಗೀ, ಕಲರ್ ಕ್ರೀಮ್ ಹಚ್ಚುವಾಗ ಬಣ್ಣದ ಸಣ್ಣ ಸಣ್ಣ ತುಣುಕು ಕೂದಲಿನ ಒಳಗೆ ನುಗ್ಗುತ್ತವೆ. ಇನ್ನೊಂದು ಟ್ಯೂಬಿನ ಪೆರಾಕ್ಸೈಡ್ ಅವನ್ನು ಒಳಗೇ ಒಂದಕ್ಕೊಂದು ಅಂಟಿಸಿ ದಪ್ಪ ಮಾಡುತ್ತೆ. ಬಾಗಿಲಿನಿಂದ ಬಿಡಿ ಬಿಡಿಯಾಗಿ ಒಳಗೆ ಹೋದ ಹಲಗೆಗಳನ್ನು ಕೋಣೆಯಲ್ಲಿ ಕಪಾಟು ಮಾಡಿದ ಹಾಗೆ. ಕಪಾಟು ಬಿಚ್ಚದೆ ಹೊರಗೆ ಬರಲ್ಲ. ಪಾತ್ರೆ ಸೋಪು ಕೂದಲ ಮೇಲಿನ ಜಿಡ್ಡು ತೆಗೆಯುತ್ತೆ, ಒಳಗಿನ ಕಪಾಟಿಗೆ ಕೈ ಹಾಕಲ್ಲ. ಅದರಲ್ಲೂ ಪಾತ್ರೆ ತಿಕ್ಕುವ ಬಿಲ್ಲೆಯಲ್ಲಿ ಕ್ಷಾರ ಜಾಸ್ತಿ, ಉಜ್ಜುವ ಪುಡಿಯೂ ಇರುತ್ತೆ. ಅಡುಗೆ ಸೋಡಾ ಕೂದಲಿನ ಮೇಲಿನ ಪದರವನ್ನು ಉಬ್ಬಿಸುತ್ತೆ. ಟೀಚರ್ ಕೂದಲು ಹಗ್ಗ ಆಗಿದ್ದು ಅದಕ್ಕೇ.

ಬಿ.ಎಸ್ಸಿ. ಕೆಮಿಸ್ಟ್ರಿ: ಹಾಗಾದರೆ ಕಪಾಟು ಬಿಚ್ಚೋದೇ ವಿಟಮಿನ್ ಸಿ ಅಲ್ವಾ?

ಪಾರ್ಲರ್ ಅಕ್ಕ, ಕಲಬುರಗಿ: ಬಿಚ್ಚುವ ಗುಣ ಇದೆ, ಅಷ್ಟು ನಿಮ್ಮ ಮಾತು ಸರಿ ತಮ್ಮಾ. ಆದರೆ ಬಲ ಬಹಳ ಕಡಿಮೆ. ಇನ್ನು ಸೋಡಾ ಸೇರಿಸಿದರೆ ಹುಳಿಯೂ ಸೋಡಾವೂ ಒಂದನ್ನೊಂದು ತಿಂದುಹಾಕುತ್ತವೆ. ನೀವು ನೋಡುವ ನೊರೆ ಬರೀ ಗಾಳಿ. ನಿಂಬೆರಸಕ್ಕೆ ಸೋಡಾ ಹಾಕಿದರೂ ಹಾಗೇ ಉಕ್ಕುತ್ತೆ, ಅದರಿಂದ ಬಣ್ಣ ಇಳಿಯಿತು ಅಂತ ಅರ್ಥ ಅಲ್ಲ. ಚೀಪುವ ಕಿತ್ತಳೆ ಮಾತ್ರೆ ಆದರಂತೂ ಅರ್ಧ ಸಕ್ಕರೆಯೇ, ತಲೆಯೆಲ್ಲ ಅಂಟು. ನೆತ್ತಿಯಲ್ಲಿ ಗೀರು ಇದ್ದರೆ ಉರಿಯೂ ಇದೆ.

ಬಿ.ಎಸ್ಸಿ. ಕೆಮಿಸ್ಟ್ರಿ: ನನ್ನ ರೂಮ್‌ಮೇಟ್ ಹಚ್ಚಿದ ಮರುದಿನವೇ ಮಾಡಿದ, ನಿಜವಾಗಲೂ ತಿಳಿಯಾಯಿತು.

ಪಾರ್ಲರ್ ಅಕ್ಕ, ಕಲಬುರಗಿ: ಮರುದಿನ ತೊಳೆದರೆ ಬರೀ ಶಾಂಪೂಗೂ ಸ್ವಲ್ಪ ಇಳಿಯುತ್ತೆ. ಹೊಸ ಬಣ್ಣ ಮೊದಲ ಕೆಲವು ಸ್ನಾನದಲ್ಲೇ ಜಾಸ್ತಿ ಹೋಗೋದು. ಅರ್ಧ ತಲೆಗೆ ಮಾತ್ರೆ, ಇನ್ನರ್ಧಕ್ಕೆ ಬರೀ ಶಾಂಪೂ ಹಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಬಿ.ಎಸ್ಸಿ. ಕೆಮಿಸ್ಟ್ರಿ: ಅದು ನೋಡಿಲ್ಲ. ಆದರೂ ಮಾತ್ರೆಯಿಂದಲೇ ಆಯಿತು ಅಂತ ನನಗೆ ಅನಿಸುತ್ತೆ.

ಪಾರ್ಲರ್ ಅಕ್ಕ, ಕಲಬುರಗಿ: ತಂಗೀ, ಒಂದು ವಿಷಯ ಹೇಳಿ. ಬುಡ ಬ್ರೌನ್, ತುದಿ ಕಪ್ಪು ಅಂದರೆ ತುದಿಯಲ್ಲಿ ಹಳೇ ಬಣ್ಣ ಇರಬೇಕು. ಮೊದಲು ಏನು ಹಚ್ಚಿದ್ದಿರಿ?

ಮದುವೆ ಮನೆ, ಕಲಬುರಗಿ: ಹೌದು ಅಕ್ಕಾ, ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಅಮ್ಮ ಕಪ್ಪು ಮೆಹೆಂದಿ ಪುಡಿ ಕಲಸಿ ಹಚ್ಚಿದ್ದರು. ಈ ಸಲ ಬುಡದಿಂದ ತುದಿವರೆಗೂ ಕ್ರೀಮ್ ಎಳೆದೆ.

ಪಾರ್ಲರ್ ಅಕ್ಕ, ಕಲಬುರಗಿ: ಅಲ್ಲೇ ಇದೆ ಕಾರಣ. ಬಣ್ಣದ ಮೇಲೆ ಬಣ್ಣ ಕೂತಿದೆ. ಮುಂದಿನ ಸಲ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿ.

ಕಪಾಟು ನಿಜವಾಗಿ ಬಿಚ್ಚುವ ಕಲರ್ ರಿಮೂವರ್ ಬೇರೆ ಇದೆ, ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತೆ. ಬರೀ ಕ್ರೀಮ್ ಕಲರ್ ಆಗಿದ್ದರೆ ಅದು ಕೆಲಸ ಮಾಡುತ್ತೆ. ಆದರೆ ಬಿಚ್ಚಿದ ತುಣುಕು ಪೂರ್ತಿ ಹೊರಗೆ ಹೋಗುವ ತನಕ ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಲ್ಲಿ ತೊಳೆಯಬೇಕು. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮ ಓಣಿಯಲ್ಲಿ ಒಂದೇ ಬಕೆಟ್‌ನಲ್ಲಿ ಮುಗಿಸುತ್ತಾರೆ. ಸಂಜೆ ಬ್ರೌನ್ ಕಂಡಿದ್ದು ಬೆಳಿಗ್ಗೆ ಮತ್ತೆ ಕಪ್ಪು. ಒಳಗೆ ಉಳಿದ ತುಣುಕು ಗಾಳಿ ತಾಗಿ ಮತ್ತೆ ಅಂಟಿಕೊಂಡಿರುತ್ತವೆ. ಸರಿಯಾಗಿ ತೊಳೆದರೂ ನಿಮ್ಮ ಹುಟ್ಟುಬಣ್ಣ ವಾಪಸ್ ಬರಲ್ಲ, ಕಿತ್ತಳೆ ಛಾಯೆ ಬರುತ್ತೆ. ಹಚ್ಚಿದ ದಿನವೇ ಪೆರಾಕ್ಸೈಡ್ ಹುಟ್ಟುಬಣ್ಣವನ್ನೂ ಸ್ವಲ್ಪ ತಿಳಿ ಮಾಡಿಬಿಟ್ಟಿರುತ್ತೆ.

ನಿಮ್ಮ ತುದಿಗೆ ಅದೂ ಬೇಡ, ಬ್ಲೀಚೂ ಬೇಡ. ಕಪ್ಪು ಮೆಹೆಂದಿ ಪ್ಯಾಕೆಟ್‌ನಲ್ಲಿ ಕೆಲವಕ್ಕೆ ಇದೇ ಕಲರ್ ಕೆಮಿಕಲ್ ಹಾಕಿರುತ್ತಾರೆ, ಕೆಲವಕ್ಕೆ ನೀಲಿ ಗಿಡದ ಪುಡಿ, ಕೆಲವಕ್ಕೆ ಲೋಹದ ಉಪ್ಪು. ನೀಲಿ ಇದ್ದರೆ ಬ್ಲೀಚ್ ಹಚ್ಚಿದಾಗ ಹಸಿರಾಗಬಹುದು. ಲೋಹ ಇದ್ದರೆ ಪೆರಾಕ್ಸೈಡ್ ತಾಗಿ ಕೂದಲು ಬಿಸಿಯೇರಿ ತುಂಡಾಗಬಹುದು. ಮದುವೆ ಫೋಟೋದಲ್ಲಿ ಹಸಿರಿಗಿಂತ ಕಪ್ಪು ಎಷ್ಟೋ ಮೇಲು.

ಮದುವೆ ಮನೆ, ಕಲಬುರಗಿ: ಹಾಗಾದರೆ ಹನ್ನೆರಡು ದಿನದಲ್ಲಿ ಏನೂ ಆಗಲ್ವಾ?

ಪಾರ್ಲರ್ ಅಕ್ಕ, ಕಲಬುರಗಿ: ಸ್ವಲ್ಪ ಆಗುತ್ತೆ. ಇವತ್ತು ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ತುದಿಗೆ ಹಚ್ಚಿ ಒಂದು ತಾಸು ಬಿಡಿ. ಎಣ್ಣೆ ಬಣ್ಣ ತೆಗೆಯುತ್ತೆ ಅಂತಲ್ಲ, ಕೂದಲು ಒಣಗದಿರಲಿ ಅಂತ. ಆಮೇಲೆ ಅಂಗಡಿಯಲ್ಲಿ ಸಿಗುವ ಮಾಮೂಲಿ ತಲೆಹೊಟ್ಟಿನ ಶಾಂಪೂ ಹಾಕಿ ನೊರೆ ಬರಿಸಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಇನ್ನೊಂದು ಸಲ ಹಾಕಿ. ತುದಿಗೆ ಮಾತ್ರ ಕಂಡೀಷನರ್. ದಿನ ಬಿಟ್ಟು ದಿನ ಹೀಗೆ ನಾಲ್ಕೈದು ಸಲ ಮಾಡಿ. ಬಿಳಿ ಟವೆಲ್‌ನಿಂದ ಒರೆಸಿ ನೋಡಿ. ಮೊದಲೆರಡು ಸಲ ಕಂದು ಹತ್ತುತ್ತೆ. ಏನೂ ಹತ್ತದ ದಿನ ನಿಲ್ಲಿಸಿ, ಮುಂದೆ ತಿಕ್ಕಿದರೆ ಬರೀ ಕೂದಲು ಹಾಳು. ಆ ಕಾಗೆ ಕಪ್ಪಿನ ಗಡಸು ಇಳಿಯುತ್ತೆ, ಬ್ರೌನ್ ಅಂತೂ ಆಗಲ್ಲ.

ನೆತ್ತಿ ತುರಿಸಿದರೆ, ಕಣ್ಣಿನ ಸುತ್ತ ಊದಿಕೊಂಡರೆ ಬಣ್ಣದ ಯೋಚನೆ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ.

ಬೀದರ್ ಟೀಚರ್: ನಮ್ಮ ಮನೆ ಬೋರ್‌ವೆಲ್ ನೀರು ಗಡಸು, ಶಾಂಪೂ ನೊರೆಯೇ ಬರಲ್ಲ. ಅದಕ್ಕೆ?

ಪಾರ್ಲರ್ ಅಕ್ಕ, ಕಲಬುರಗಿ: ಕೊನೆಯ ಎರಡು ಚೊಂಬು ಕುಡಿಯುವ ಆರ್.ಓ. ಫಿಲ್ಟರ್ ನೀರು ಹಾಕಿಕೊಳ್ಳಿ ಟೀಚರ್. ಒರಟು ಕಡಿಮೆ ಆಗುತ್ತೆ.

ಬಿ.ಎಸ್ಸಿ. ಕೆಮಿಸ್ಟ್ರಿ: ಅಕ್ಕಾ, ಬಾಚಣಿಕೆಗೆ ಬಂದ ಕೂದಲು ಇದ್ದರೆ ಎರಡು ಕಟ್ಟು ಮಾಡಿ. ಒಂದಕ್ಕೆ ಮಾತ್ರೆ, ಒಂದಕ್ಕೆ ತಲೆಹೊಟ್ಟಿನ ಶಾಂಪೂ. ಸೋಡಾ ಬೇಡ, ಆ ಮಾತು ವಾಪಸ್ ತಗೊಂಡೆ.

ಮದುವೆ ಮನೆ, ಕಲಬುರಗಿ: ಕಟ್ಟಿದ್ದೇನೆ, ಕೆಂಪು ದಾರದ್ದು ಮಾತ್ರೆ, ಬಿಳಿ ದಾರದ್ದು ಶಾಂಪೂ. ಒಣಗಿದ ಮೇಲೆ ನಾಳೆ ಬಿಸಿಲಲ್ಲಿ ಹಿಡಿದು ಫೋಟೋ ಹಾಕುತ್ತೇನೆ. ಅಮ್ಮ ಆ ಮೆಹೆಂದಿ ಪ್ಯಾಕೆಟ್ ಹುಡುಕುತ್ತಿದ್ದಾರೆ, ಸಿಕ್ಕರೆ ಹಿಂದೆ ಏನು ಬರೆದಿದೆ ಅಂತ ಅದನ್ನೂ ಹಾಕುತ್ತೇನೆ.